ಪಟದ ಕೆಳಗಿನ ಸಾಲು

ಕಾಯಿಲೆ ಬಿದ್ದವರು ಎದ್ದು ಕುಳಿತ ಮೇಲೆ ಅವರಿಗೆ ಒದಗುವ ಮೊದಲನೆಯ ಕೆಲಸವೆಂದರೆ ಬಂಧುಗಳಿಗೆ ಸುದ್ದಿ ತಿಳಿಸುವುದು. ಹಿಂದೆ ಇದಕ್ಕೆ ಒಂದು ಕಾರ್ಡು ಸಾಕಾಗಿತ್ತು. ‘ಉಭಯ ಕುಶಲೋಪರಿ’ ಎಂದು ಆರಂಭಿಸಿ, ‘ಇತ್ತ ನಾವೆಲ್ಲರೂ ಕ್ಷೇಮ’ ಎಂದು ಬರೆದುಬಿಟ್ಟರೆ, ಯಾವ ಕಾಯಿಲೆ, ಎಷ್ಟು ದಿನ ಎಂಬುದೆಲ್ಲ ಆ ಮಾತಿನ ಮರೆಯಲ್ಲಿ ಅಡಗಿಹೋಗುತ್ತಿತ್ತು. ಈಗ ಮೊಬೈಲಿನಲ್ಲಿ ಪಟವನ್ನೂ ಕಳುಹಿಸಬೇಕು. ಪಟದಲ್ಲಿಯೋ, ಕುಗ್ಗಿದ ಕೆನ್ನೆಯೂ ಸಡಿಲವಾದ ಅಂಗಿಯೂ ಕಂಡೇ ಕಾಣುವುವು. ನೋಡಿ ಗಾಬರಿಗೊಂಡವರನ್ನು ಸಮಾಧಾನಪಡಿಸುವ ಭಾರವೆಲ್ಲ ಕೆಳಗಿನ ಸಾಲಿನ ಮೇಲೆ ಬೀಳುತ್ತದೆ.

ನಮ್ಮ ಕಾಯಿಲೆಯ ಹೆಸರನ್ನು ನಾವು ಬರೆಯಲಿಲ್ಲ. ವಾಚಕರು ಮನ್ನಿಸಬೇಕು, ಇಲ್ಲಿಯೂ ಬರೆಯುವವರಲ್ಲ. ಹೆಸರು ಕೇಳಿದೊಡನೆಯೇ ಅದೇ ಕಾಯಿಲೆಯಿಂದ ನರಳಿದ ಮತ್ತೊಬ್ಬರ ನೆನಪು ನೆಂಟರಿಗೆ ಬರುತ್ತದೆ. ಆ ಕಥೆ ಸಾಮಾನ್ಯವಾಗಿ ಸುಖಾಂತವಾಗಿರುವುದಿಲ್ಲ. ‘ದೊಡ್ಡ ಗಂಡಾಂತರದಿಂದ ಪಾರಾದೆವು’ ಎನ್ನೋಣವೆಂದರೆ, ಮಾತು ನಿಜವಾದರೂ, ಅಕ್ಕ ಮರುದಿನದ ಬಸ್ಸಿಗೇ ಹೊರಟುಬರುವಳು. ‘ಈಗ ಆರೋಗ್ಯವಾಗಿದ್ದೇವೆ’ ಎನ್ನೋಣವೆಂದರೆ, ಆ ‘ಈಗ’ ಎಂಬ ಎರಡಕ್ಷರವೇ ಸಂಶಯಕ್ಕೆ ಮೂಲ. ದೂರದಲ್ಲಿರುವವರು ನಂಬುವುದು ತಾವೇ ಅಳೆದು ನೋಡಬಹುದಾದ ಸಂಗತಿಯನ್ನು: ಎಷ್ಟು ದೂರ ನಡೆದರು, ಎಷ್ಟು ಉಂಡರು ಎಂಬುದನ್ನು.

ಕೃತಜ್ಞತೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಉಪಕಾರ ಮಾಡಿದವರ ಹೆಸರುಗಳನ್ನೆಲ್ಲ ಬರೆದರೆ ಬಿಟ್ಟುಹೋದವರು ನೊಂದುಕೊಳ್ಳುವರು. ಇನ್ನು ಹನ್ನೊಂದು ರಾತ್ರಿ ಮಂಚದ ಪಕ್ಕದ ಕುರ್ಚಿಯಲ್ಲಿಯೇ ಕಳೆದ ನಮ್ಮ ಮನೆಯಾಕೆಗೆ ಏನೆಂದು ಬರೆಯುವುದು? ‘ಧನ್ಯವಾದ’ ಎಂದದ್ದಕ್ಕೆ, “ನಾನೇನು ಹೊರಗಿನವಳೇ? ಊರಿಗೆಲ್ಲ ಹಾಗೆ ಸಾರಬೇಡಿ” ಎಂದುಬಿಟ್ಟಳು. ನಮ್ಮ ಮನೆಗಳಲ್ಲಿ ಹೆಂಡತಿಗೆ ಉಪಕಾರಸ್ಮರಣೆ ಮಾಡುವ ಭಾಷೆಯೇ ಬೆಳೆದಿಲ್ಲ. ಆಕೆಯನ್ನು ಬಿಟ್ಟು ಆ ಕುರ್ಚಿಯನ್ನು ಹೊಗಳಬಹುದೆಂದು ತೋರಿತು. ಕೊನೆಗೆ ಪಟದ ಕೆಳಗೆ ಹೋದ ಒಕ್ಕಣೆ ಇದು:

‘ಇಂದು ಮೂಲೆಯ ಅಂಗಡಿಯವರೆಗೆ ನಡೆದು ಬಂದೆವು. ಸಾರನ್ನವನ್ನು ಎರಡನೆಯ ಸಲ ಕೇಳಿ ಬಡಿಸಿಕೊಂಡೆವು. ಮಂಚದ ಪಕ್ಕದ ಕುರ್ಚಿಗೆ ನಿನ್ನೆಯಿಂದ ರಾತ್ರಿಯ ರಜೆ. ಅದರ ಋಣ ತೀರುವಂಥದಲ್ಲ. ಕಿಟಕಿಯ ಕೆಳಗೆ ಆಟ ನಿಲ್ಲಿಸಿದ್ದ ಹುಡುಗರು ಇನ್ನು ಧಾರಾಳವಾಗಿ ಗಲಾಟೆ ಮಾಡಬಹುದು.’

ಮನೆಯಾಕೆ ಓದಿದಳು. ಏನೂ ಹೇಳದೆ ಕುರ್ಚಿಯನ್ನೆತ್ತಿ ನಡುಮನೆಗೆ ಒಯ್ದು ಹಾಕಿದಳು. ಹುಡುಗರು ಅದೇ ಸಂಜೆ ನಮ್ಮ ಅನುಮತಿಯನ್ನು ಪೂರ್ಣವಾಗಿ ಉಪಯೋಗಿಸಿಕೊಂಡರು. ನಾವು ಹೆದರಿದ್ದುದು ಸೋದರತ್ತೆಯ ಪ್ರಶ್ನೆಗಳಿಗೆ. ಕಾಯಿಲೆಯ ಬೇರನ್ನು ಅಗೆದು ನೋಡದೆ ಬಿಡುವವರಲ್ಲ ಅವರು. ರಾತ್ರಿ ಅವರ ಉತ್ತರ ಬಂದಿತು: “ಸಂತೋಷವಾಯಿತಪ್ಪ. ಸಾರು ಬೇಳೆಯದೋ, ಮೆಣಸಿನದೋ?”