ಐದು ಪವನಿನ ಲೆಕ್ಕ

ಆಟಿ ಮುಗಿದು ನಂದಿಕೂರಿನಲ್ಲಿ ಮದುವೆಗಳು ಶುರುವಾಗುವ ಮೊದಲು, ಮಾವ ತಮ್ಮ ಚಿನ್ನದ ಅಂಗಡಿಗೊಂದು ಆಫರ್ ಬೇಕೆಂದರು. ದೀಪಾವಳಿ, ಅಕ್ಷಯ ತೃತೀಯದ ಹೆಸರು ಬೇಡ, ಮದುವೆ ಮನೆಯವರಿಗೆ ಮಾತ್ರ. "ಹತ್ತು ಪರ್ಸೆಂಟ್ ಮುಂಗಡ ಕೊಟ್ಟರೆ ಇವತ್ತಿನ ರೇಟೇ ಗ್ಯಾರಂಟಿ ಅಂತ ಬೋರ್ಡ್ ಹಾಕುವ ಮಾರಾಯ."

ನಾನು ಎಕ್ಸೆಲ್ ತೆರೆದೆ. ಐದು ಪವನು ಅಂದರೆ 40 ಗ್ರಾಂ. ಗ್ರಾಮಿಗೆ 9,000 ರೂಪಾಯಿ ಎಂದಿಟ್ಟುಕೊಂಡರೆ, 12 ಪರ್ಸೆಂಟ್ ಮಜೂರಿ 43,200. ಮುಂಗಡದಲ್ಲಿ ಬರೋದು 4 ಗ್ರಾಮಿನ ದುಡ್ಡು. ಮದುವೆಯೊಳಗೆ ಗ್ರಾಮಿಗೆ ಸಾವಿರ ಏರಿದರೆ ಉಳಿದ 36 ಗ್ರಾಮಿಗೆ 36,000 ಹೋಯ್ತು. ಮತ್ತೆ ಆಚಾರ್ರ ಕೂಲಿ ಎಲ್ಲಿಂದ?

ಹಾಗಾಗಿ ಎಷ್ಟು ದುಡ್ಡು ಬಂತೋ ಅಷ್ಟೇ ಗ್ರಾಮಿಗೆ ರೇಟು ಕಟ್ಟಿದೆವು, ಅದೇ ದಿನ ಅಷ್ಟು ಗಟ್ಟಿ ಖರೀದಿಸಿದೆವು. ರಿಯಾಯಿತಿ ಮಜೂರಿಯಲ್ಲಿ ಮಾತ್ರ, ಕಾಲು ಭಾಗ. ಐದು ಪವನಿಗೆ 10,800. ರೇಟು ಎಷ್ಟೇ ಕುಣಿದರೂ ಮೊದಲೇ ಅಂದಾಜಿರುವ ಖರ್ಚು.

"ಇಳಿದರೆ ಇಳಿದ ರೇಟು ಕೊಡ್ತೀರಾ?" ಮೊದಲ ಗಿರಾಕಿಯೇ ಕೇಳಿದರು. ಇಲ್ಲ ಅಂತ ಚೀಟಿಯಲ್ಲೇ ಬರೆದಿತ್ತು. ಅವರು 20 ಗ್ರಾಂ ಬುಕ್ ಮಾಡಿ, ಉಳಿದದ್ದನ್ನು ಮದುವೆ ವಾರಕ್ಕೆ ಬಿಟ್ಟರು.