ಸೈನ್ ಮಾಡಿದ್ದೀರಲ್ಲ, ಈಗೇನು ತಕರಾರು?



ನಮ್ಮ ಬೀದಿಯ ಹುಡುಗನೊಬ್ಬ ಬೈಕ್ ಸಾಲ ಮುಂಚೇನೇ ತೀರಿಸ್ತೀನಿ ಅಂತ ದುಡ್ಡು ಹೊಂದಿಸ್ಕೊಂಡು ಫೈನಾನ್ಸ್‌ಗೆ ಹೋದ. ದಂಡ ಬೇಕಾದ್ರೂ ಕಟ್ತೀನಿ ಅಂದ. "ಆಗಲ್ಲ, ಅಗ್ರಿಮೆಂಟ್‌ನಲ್ಲಿ ಹಾಗಿದೆ, ಸೈನ್ ಮಾಡಿದ್ದೀಯಲ್ಲ" ಅಂದ್ರು. ಸೈನ್ ಮಾಡಿದ್ದು ನಿಜವೇ. ಆದರೆ ಅಷ್ಟಕ್ಕೇ ಮಾತು ಮುಗಿಯೋದಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ಅದು ಪಯೋನಿಯರ್ ಅರ್ಬನ್ ಲ್ಯಾಂಡ್ ಕಂಪನಿಯ ಕೇಸು, ತೀರ್ಪು 2019ರ ಏಪ್ರಿಲ್ 2ರದ್ದು. ಗುರುಗ್ರಾಮದ ಫ್ಲ್ಯಾಟ್ ಒಂದಕ್ಕೆ ಗ್ರಾಹಕರು ಕೋಟಿಗಟ್ಟಲೆ ಕಟ್ಟಿದ್ದರು. ಬಿಲ್ಡರ್ ಹೇಳಿದ ಹೊತ್ತಿಗೆ ಮನೆ ಕೊಡಲಿಲ್ಲ. ಅಚ್ಚು ಹಾಕಿಸಿಟ್ಟ ಆ ಒಪ್ಪಂದ ಹೇಗಿತ್ತು ನೋಡಿ. ಗ್ರಾಹಕ ಕಂತು ತಡ ಮಾಡಿದರೆ ವರ್ಷಕ್ಕೆ ಶೇ. 18 ಬಡ್ಡಿ. ಬಿಲ್ಡರ್ ತಡ ಮಾಡಿದರೆ? ವಾಯಿದೆ, ರಿಯಾಯಿತಿ ಅವಧಿ ಎಲ್ಲ ಮುಗಿದ ಮೇಲೂ ಗ್ರಾಹಕ 12 ತಿಂಗಳು ಕಾಯಬೇಕು, ಆಮೇಲೆ 90 ದಿನದ ನೋಟಿಸ್ ಕೊಡಬೇಕು, ದುಡ್ಡು ವಾಪಸ್ ಕೊಡೋಕೆ ಬಿಲ್ಡರ್‌ಗೆ ಇನ್ನೂ 90 ದಿನ. ಅಷ್ಟರಲ್ಲೂ ಕೊಡದಿದ್ದರೆ ಮಾತ್ರ ಬಡ್ಡಿ, ಅದೂ ಶೇ. 9.

ಬಿಲ್ಡರ್ ರೆಡಿ ಮಾಡಿಟ್ಟ ಕಾಗದಕ್ಕೆ ಸೈನ್ ಹಾಕದೆ ಬೇರೆ ದಾರಿಯೇ ಇರಲಿಲ್ಲ ಅಂತಾದರೆ ಅಂಥ ಷರತ್ತು ಗ್ರಾಹಕನನ್ನು ಕಟ್ಟಿಹಾಕೋದಿಲ್ಲ ಅಂದಿತು ಕೋರ್ಟು. ಇಂಥ ಒಮ್ಮುಖ ಷರತ್ತು ಸೇರಿಸೋದೇ ಅನ್ಯಾಯದ ವ್ಯಾಪಾರ ಪದ್ಧತಿ ಅಂತಲೂ ಹೇಳಿತು. ಪೂರ್ತಿ ಹಣ, ಅದಕ್ಕೆ ಶೇ. 10.7 ಬಡ್ಡಿ ಕೊಡಿಸಿದ್ದ ರಾಷ್ಟ್ರೀಯ ಆಯೋಗದ ಆದೇಶವನ್ನೇ ಎತ್ತಿಹಿಡಿಯಿತು.

ಗೆದ್ದದ್ದು ಕೋಟಿಗಟ್ಟಲೆ ಕಟ್ಟಬಲ್ಲವರು, ಹೌದು. ಆದರೆ ಚೌಕಾಸಿ ಮಾಡೋ ಶಕ್ತಿ ಅವರಿಗೇ ಇರಲಿಲ್ಲ ಅಂದ ಮೇಲೆ ನಮ್ಮ ಹುಡುಗನಿಗೆ ಎಲ್ಲಿಂದ ಬರಬೇಕು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(46) ಅವನ ಕೇಸನ್ನೇ ಹೆಸರಿಟ್ಟು ಹೇಳ್ತದೆ. ದಂಡ ಕಟ್ಟೋಕೆ ತಯಾರಿದ್ದರೂ ಸಾಲವನ್ನು ಅವಧಿಗೆ ಮುಂಚೆ ತೀರಿಸೋಕೆ ಬಿಡದಿರೋದು ಅನ್ಯಾಯದ ಕರಾರು. ವಿಪರೀತ ಠೇವಣಿ, ಆದ ನಷ್ಟಕ್ಕೆ ಹೊಂದದ ದಂಡ, ಸಕಾರಣವಿಲ್ಲದೆ ಒಬ್ಬರೇ ಒಪ್ಪಂದ ಮುರಿಯೋ ಹಕ್ಕು, ಇವೂ ಅದೇ ಪಟ್ಟಿಯಲ್ಲಿವೆ. ಹಾಗಂತ ಕಷ್ಟ ಅನ್ನಿಸಿದ ಷರತ್ತೆಲ್ಲ ಬಿದ್ದುಹೋಗಲ್ಲ. ಬಡ್ಡಿ ಜಾಸ್ತಿ ಅನ್ನೋದೊಂದೇ ಸಾಲದು, ಗ್ರಾಹಕನ ಹಕ್ಕಿನಲ್ಲಿ ಭಾರೀ ಏರುಪೇರು ಆಗಿದೆ ಅಂತ ತೋರಿಸಬೇಕು.

ಒಂದು ತೊಡಕಿದೆ, ನನಗಂತೂ ಸಿಟ್ಟು ಬರಿಸೋದು ಇದೇ. ಸೇವಾ ಲೋಪದ ದೂರನ್ನು ಜಿಲ್ಲಾ ಆಯೋಗ ಕೇಳ್ತದೆ. ಆದರೆ 'ಅನ್ಯಾಯದ ಕರಾರು' ಅಂತ ಷರತ್ತನ್ನೇ ರದ್ದು ಮಾಡಿಸಬೇಕಾದರೆ ಮೊತ್ತ ಎಷ್ಟೇ ಚಿಕ್ಕದಿರಲಿ, ರಾಜ್ಯ ಆಯೋಗಕ್ಕೇ ಹೋಗಬೇಕು. ಕೂಲಿ ಬಿಟ್ಟು ಅಷ್ಟು ದೂರ ಯಾರು ಅಲೆಯುತ್ತಾರೆ?

ಹುಡುಗನ ಹತ್ತಿರ ಅಗ್ರಿಮೆಂಟಿನ ಪ್ರತಿಯೂ ಇರಲಿಲ್ಲ. ಪ್ರತಿ ಕೊಡಿ, ಸಾಲ ತೀರಿಸೋಕೆ ಎಷ್ಟು ಬಾಕಿ ಅಂತ ಬರಹದಲ್ಲಿ ಹೇಳಿ ಅಂತ ಮೊನ್ನೆ ಸ್ಪೀಡ್ ಪೋಸ್ಟ್ ಹಾಕಿಸಿದ್ದೀವಿ. ಆಗಲ್ಲ ಅಂತ ಉತ್ತರ ಬಂದರೂ ಒಳ್ಳೇದೇ, ದೂರಿನ ಜೊತೆ ಲಗತ್ತಿಸೋಕೆ ಅದೇ ಕಾಗದ ಬೇಕು.