ಹವ್ಯಾಸಗಳ ನಿಧನ ವಾರ್ತೆ

ಪುತ್ತೂರಿನ ಗೆಳೆಯನಿಗೆ ಮೊನ್ನೆ ಮೂವತ್ತು ತುಂಬಿತು. ಅವನ ಮನೆಯ ಚಾವಡಿಯಲ್ಲಿ ಸೇರಿದ್ದ ನಾವು ಏಳು ಮಂದಿಯೂ ಒಂದೇ ತರಗತಿಯವರು. ಉಡುಗೊರೆ ಬೇಡ, ಏನಾದರೂ ಬರೆದು ಓದು ಅಂದರು. ಪತ್ರಿಕೆಗೆ ಸೇರಿದ ಮೊದಲ ವರ್ಷ ನಾನು ಬರೆದದ್ದೆಲ್ಲ ನಿಧನ ವಾರ್ತೆಯೇ. ಕೈಗೆ ಅದೇ ಬಂತು.

"ಗಿಟಾರು (3 ವಾರ): ಅಲ್ಪಕಾಲದ ಬೆರಳುನೋವಿನಿಂದ ಅಟ್ಟದಲ್ಲಿ ನಿಧನ ಹೊಂದಿದೆ. ಮೃತವು ಒಂದು ತುಂಡಾದ ತಂತಿ ಹಾಗೂ ನಿಟ್ಟುಸಿರು ಬಿಟ್ಟ ನೆರೆಹೊರೆಯವರನ್ನು ಅಗಲಿದೆ.

ಬೆಳಗಿನ ಓಟ (9 ದಿನ): ಪೇಟೆಯ ನಾಯಿಯೊಂದು ಜೊತೆಗೆ ಓಡಲು ಬಂದದ್ದರಿಂದ ಹಠಾತ್ ನಿಧನ. ಹೊಸ ಬೂಟು ಅನಾಥವಾಗಿದೆ.

ಜೇನು ಸಾಕಣೆ (2 ವರ್ಷ): ತುಡುವೆ ಜೇನಿನ ಒಂದು ಪೆಟ್ಟಿಗೆ, ಮಾಲಕರ ಆಲಸ್ಯದಿಂದ ಮಳೆಗಾಲದಲ್ಲಿ ಅಸುನೀಗಿದೆ."

ಮೊದಲ ಎರಡಕ್ಕೆ ನಗು ಬಿತ್ತು. ಮೂರನೆಯದಕ್ಕೆ ಗೆಳೆಯನೂ ನಕ್ಕ. ಆದರೆ ಕಾಫಿ ತಂದ ಅವನ ಅಮ್ಮ ನಿಂತುಬಿಟ್ಟರು.

"ಸತ್ತದ್ದಲ್ಲ ಮಗಾ, ಬಿಟ್ಟು ಹೋದದ್ದು. ಆ ಮಳೆಗಾಲ ಇವನ ಅಪ್ಪ ಆಸ್ಪತ್ರೆಯಲ್ಲಿ ಅಲ್ವಾ. ಇವ ಎರಡು ತಿಂಗಳು ಅಲ್ಲಿಯೇ ಇದ್ದ. ಜೇನಿಗೆ ಪಾಕ ಕೊಡುವವರು ಯಾರು?"

ನಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದರೆ ಜೇನ್ನೊಣ ಹೊರಗೆ ಹೋಗುವ ಹಾಗಿಲ್ಲ, ಹೋದರೂ ಹೂವಿಲ್ಲ. ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ, ಸಂಜೆ ಪೆಟ್ಟಿಗೆಯೊಳಗೆ ಇಡಬೇಕು. ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರಿರಬೇಕು, ಇಲ್ಲವಾದರೆ ಇರುವೆ ಹತ್ತುತ್ತದೆ. ಹಸಿವಿನಿಂದ ನೊಣ ಕಡಿಮೆಯಾದರೆ ಎರಿಯನ್ನು ಕಾಯುವವರಿಲ್ಲ. ಮೇಣದ ಪತಂಗ ಬಂದು ಮೊಟ್ಟೆ ಇಡುತ್ತದೆ. ಅಡಿಹಲಗೆಯ ಮೇಲೆ ಹೊಟ್ಟಿನಂಥ ಮೇಣದ ಪುಡಿ ಕಂಡರೆ ಅದು ಬಂದ ಲೆಕ್ಕ. ಆಗ ಎರಿಯೊಳಗೆ ಬಿಳಿ ಬಲೆ ಹಬ್ಬಿರುತ್ತದೆ, ಉಳಿದ ಕುಟುಂಬ ಒಂದು ದಿನ ಗೂಡು ಬಿಟ್ಟು ಹೋಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದವನೇ ಅವನು. ಆಸ್ಪತ್ರೆಯಿಂದ ಬಂದಾಗ ಅವನಿಗೆ ಸಿಕ್ಕಿದ್ದು ಬಲೆ ಕಟ್ಟಿದ ನಾಲ್ಕು ಎರಿ.

ನಿಧನ ವಾರ್ತೆಗೆ ಮೊದಲು ಮನೆಗೆ ಫೋನ್ ಮಾಡಿ ಕಾರಣ ಕೇಳಬೇಕು. ಇದು ನಮಗೆ ಕಲಿಸಿದ ಮೊದಲ ಪಾಠ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

"ಹೋಗ್ಲಿ ಮಾರಾಯ, ಪೆಟ್ಟಿಗೆ ಉಂಟಲ್ಲ" ಅಂದ ಅವನು. ಊಟ ಆದ ಮೇಲೆ ಕೊಟ್ಟಿಗೆಯಿಂದ ಅದನ್ನು ಇಳಿಸಿದೆವು. ಬಲೆ ಕೆರೆದು, ಬಿಸಿಲಿಗೆ ಇಟ್ಟು, ಒಳಗೆ ಹಳೆಯ ಮೇಣ ಉಜ್ಜಿದೆವು. ಆ ವಾಸನೆಗೆ, ಪಾಲಾಗಿ ಹೊರಟ ಹಿಂಡು ಕೆಲವೊಮ್ಮೆ ತಾನಾಗಿಯೇ ಬಂದು ಕೂರುತ್ತದೆ. ಕೆಲವೊಮ್ಮೆ ಇಲ್ಲ.

ತಿದ್ದುಪಡಿ: ಜೇನು ಸಾಕಣೆ ನಿಧನ ಹೊಂದಿದೆ ಎಂಬ ವರದಿ ತಪ್ಪು. ಮಾಲಕರ ಆಲಸ್ಯ ಎಂಬುದೂ ತಪ್ಪು. ಪೆಟ್ಟಿಗೆ ಈಗ ಹಲಸಿನ ಮರದ ಬುಡದಲ್ಲಿದೆ. ಗಿಟಾರಿನ ವಿಷಯದಲ್ಲಿ ಬದಲಾವಣೆ ಇಲ್ಲ.